ಕುಸ್ತಿಗೆ ಕುತ್ತಿಗೆ ಬಲ: ತಮ್ಮನಿಗೆ ಎಲ್ಲಿಂದ ಶುರು ಮಾಡಿಸಲಿ?

ಮಂಡಿಮೊಹಲ್ಲಾ ಅಣ್ಣ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 19 ವರ್ಷ, ತೂಕ 61 ಕಿಲೋ. ಮೈಸೂರಿನ ಒಂದು ಗರಡಿಯಲ್ಲಿ ಮಟ್ಟಿ ಕುಸ್ತಿ ಕಲಿಯುತ್ತಿದ್ದಾನೆ. ಈಗ ಕಾಲೇಜು ತಂಡಕ್ಕೆ ಮ್ಯಾಟ್ ಮೇಲೂ ಆಡಬೇಕು. ಎದುರಾಳಿ ಹಿಂದಿನಿಂದ ಕುತ್ತಿಗೆಗೆ ಕೈ ಹಾಕಿ ಕೆಳಗೆ ಎಳೆದರೆ ಇವನ ತಲೆ ಕೂಡಲೇ ಬಗ್ಗಿಬಿಡುತ್ತದೆ. ಆಮೇಲೆ ಎಲ್ಲಾ ಅವನ ಕೈಯಲ್ಲೇ.

ಕುತ್ತಿಗೆ ಗಟ್ಟಿ ಮಾಡಬೇಕು ಅಂತ ಅಂಗಾತ ಮಲಗಿ ಮೈಯನ್ನು ಕಮಾನಿನ ಹಾಗೆ ಎತ್ತಿ, ನೆತ್ತಿಯ ಮೇಲೆ ಭಾರ ಹಾಕಿ ಬ್ರಿಡ್ಜ್ ಮಾಡುತ್ತಿದ್ದಾನೆ. ಒಂದೊಂದು ಸಲ ಎರಡು ನಿಮಿಷ ಹಾಗೇ ಇರುತ್ತಾನೆ. ಆನ್‌ಲೈನಲ್ಲಿ ತಲೆಗೆ ಕಟ್ಟಿಕೊಂಡು ಪ್ಲೇಟ್ ನೇತುಹಾಕುವ ಪಟ್ಟಿಯನ್ನೂ ತರಿಸಿದ್ದಾನೆ. ಕಳೆದ ವಾರ ಪಟ್ಟು ಬಿಡಿಸಿಕೊಳ್ಳುವಾಗ ತಲೆ ಒಂದು ಕಡೆಗೆ ಜೋರಾಗಿ ಬಾಗಿ, ಬಲಗೈಗೆ ಶಾಕ್ ಹೊಡೆದ ಹಾಗೆ ಆಯಿತಂತೆ. ಒಂದೆರಡು ನಿಮಿಷದಲ್ಲಿ ಸರಿಹೋಯಿತು ಅಂತಾನೆ. ಮಾರನೇ ದಿನವೇ ಮತ್ತೆ ಮಟ್ಟಿಗೆ ಇಳಿದಿದ್ದಾನೆ.

ದಸರಾ ಕುಸ್ತಿಗೆ ಇನ್ನೂ ತಿಂಗಳುಗಳಿವೆ. ಎಷ್ಟು ಭಾರದಿಂದ ಶುರು ಮಾಡಿಸಲಿ, ವಾರಕ್ಕೆ ಎಷ್ಟು ಏರಿಸಲಿ?

ಐರನ್ ಹಾಸನ

ಬ್ರದರ್, ಕುತ್ತಿಗೆಗೆ ಅಂತ ಬೇರೆ ಏನೂ ಬೇಡ. ಡೆಡ್‌ಲಿಫ್ಟ್ ಮಾಡಿಸಿ, ಕೈಯಲ್ಲಿ ಜಾಸ್ತಿ ಭಾರ ಹಿಡಿದು ಹೆಗಲು ಎತ್ತುವ ಶ್ರಗ್ಸ್ ಮಾಡಿಸಿ. ಕುತ್ತಿಗೆಯಿಂದ ಹೆಗಲಿಗೆ ಇಳಿಯುವ ಟ್ರ್ಯಾಪ್ಸ್ ಸ್ನಾಯು ದಪ್ಪ ಆದರೆ ಕುತ್ತಿಗೆ ತಾನಾಗಿ ಗಟ್ಟಿ ಆಗುತ್ತೆ. ನಾನು ಜಿಮ್‌ನಲ್ಲಿ ಹುಡುಗರಿಗೆ ಹೇಳಿಕೊಡೋದೂ ಅದನ್ನೇ. ಆ ಪಟ್ಟಿ ವಾಪಸ್ ಕಳಿಸಿ, ದುಡ್ಡು ಉಳಿಯುತ್ತೆ.

ಧಾರವಾಡ ಫಿಸಿಯೋ

ಅಣ್ಣ, ಭಾರದ ಮಾತು ಆಮೇಲೆ. ಮೊದಲು ಆ ಶಾಕ್ ಬಗ್ಗೆ ಹೇಳಿ. ಬಂದಿದ್ದು ಒಂದೇ ಕೈಗಾ, ಎರಡೂ ಕೈಗಾ? ಕಾಲಿಗೇನಾದರೂ ಬಂತಾ? ಇದು ಮೊದಲ ಸಲವಾ? ಈಗ ಬಲಗೈಯನ್ನು ಪಕ್ಕಕ್ಕೆ ಎತ್ತಿ ಹಿಡಿದಾಗ ನೀವು ಕೆಳಗೆ ಒತ್ತಿದರೆ ಎಡಗೈಯಷ್ಟೇ ತಡೆಯುತ್ತಾನಾ? ಮುಷ್ಟಿ ಬಿಗಿ ಎರಡೂ ಕಡೆ ಒಂದೇ ಥರ ಇದೆಯಾ? ತಲೆಯನ್ನು ಎಲ್ಲಾ ದಿಕ್ಕಿಗೂ ಪೂರ್ತಿ ತಿರುಗಿಸಲು ಆಗುತ್ತದಾ?

ಇದನ್ನು ಕೇಳುವುದಕ್ಕೆ ಕಾರಣ ಇದೆ. ತಲೆ ಒಂದು ಕಡೆ ಹೋಗಿ ಹೆಗಲು ಇನ್ನೊಂದು ಕಡೆ ತಳ್ಳಿಸಿಕೊಂಡರೆ, ಕುತ್ತಿಗೆಯಿಂದ ಕೈಗೆ ಹೋಗುವ ನರಗಳು ಎಳೆದಂತಾಗುತ್ತವೆ. ತಲೆ ಬಾಗಿದ ಕಡೆಯೇ ಆದರೆ ನರದ ಬುಡ ಎಲುಬಿನ ನಡುವೆ ಅದುಮಿಕೊಳ್ಳಬಹುದು. ಒಂದೇ ಕೈಗೆ ಬಂದು ನಿಮಿಷಗಳಲ್ಲಿ ಹೋದರೆ ಸಾಮಾನ್ಯವಾಗಿ ವಾಸಿಯಾಗುವಂಥದ್ದು. ಆದರೆ ಎರಡೂ ಕೈಗೆ, ಇಲ್ಲವೇ ಕೈಕಾಲು ಎರಡಕ್ಕೂ ಬಂದಿದ್ದರೆ ಅದು ಬೆನ್ನುಹುರಿಯ ವಿಷಯ. ಹಾಗಿದ್ದರೆ ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಯಾವುದೇ ಆಗಲಿ, ಡಾಕ್ಟರ್ ಕೈಯಿಟ್ಟು ನೋಡುವವರೆಗೆ ಬ್ರಿಡ್ಜ್ ಬೇಡ, ಪಟ್ಟಿ ಬೇಡ, ಮಟ್ಟಿಯೂ ಬೇಡ.

ಎಂಟನೇ ಕ್ರಾಸ್

ನನಗೂ ಇದೇ ಸಮಸ್ಯೆ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಕುತ್ತಿಗೆಯಿಂದ ಹೆಗಲವರೆಗೆ ಬಿಗಿದುಕೊಂಡಿರುತ್ತೆ. ತಲೆ ಮುಂದಕ್ಕೆ ಬಂದಿದೆ ಅಂತ ಮನೆಯವರೆಲ್ಲ ಹೇಳ್ತಾರೆ. ದಿನಾ ಬೆಳಿಗ್ಗೆ ಕಿವಿಯನ್ನು ಹೆಗಲಿಗೆ ತಾಗಿಸಿ ಕೈಯಿಂದ ಚೆನ್ನಾಗಿ ಎಳೆಯುತ್ತೇನೆ. ಅರ್ಧ ಗಂಟೆ ಹಗುರ ಅನಿಸುತ್ತೆ, ಆಮೇಲೆ ಮತ್ತೆ ಹಾಗೇ. ನಿಮ್ಮ ತಮ್ಮನಿಗೂ ಬಿಗಿತ ಇರಬೇಕು. ಮೊದಲು ಸ್ಟ್ರೆಚ್ ಮಾಡಿಸಿ.

ಧಾರವಾಡ ಫಿಸಿಯೋ

ಎಂಟನೇ ಕ್ರಾಸ್ ಅವರೇ, ನಿಮ್ಮದು ಬೇರೆ, ಆ ಹುಡುಗನದು ಬೇರೆ. ನರ ಎಳೆದುಕೊಂಡಿರಬಹುದಾದ ಕುತ್ತಿಗೆಯನ್ನು ಈಗ ಕೈಯಿಂದ ಎಳೆದರೆ ಇನ್ನೂ ಕೆರಳುತ್ತದೆ. ಅವನಿಗೆ ಅದು ಬೇಡವೇ ಬೇಡ.

ನಿಮ್ಮ ವಿಷಯಕ್ಕೆ ಬಂದರೆ, ಬಿಗಿಯಾಗಿದೆ ಅನಿಸುವ ಸ್ನಾಯು ಎಷ್ಟೋ ಸಲ ಗಿಡ್ಡ ಆಗಿರುವುದಿಲ್ಲ, ಬಲ ಸಾಲದೆ ದಣಿದಿರುತ್ತದೆ. ಡೆನ್ಮಾರ್ಕ್‌ನಲ್ಲಿ ಕಚೇರಿ ಕೆಲಸದವರ ಮೇಲೆ ಇದನ್ನು ಚೆನ್ನಾಗಿ ನೋಡಿದ್ದಾರೆ. 2011ರಲ್ಲಿ ಬಂದ ಒಂದು ಅಧ್ಯಯನದಲ್ಲಿ ರಬ್ಬರ್ ಬ್ಯಾಂಡ್ ಹಿಡಿದು ಎರಡೂ ಕೈಗಳನ್ನು ಪಕ್ಕಕ್ಕೆ ಹೆಗಲ ಮಟ್ಟಕ್ಕೆ ಎತ್ತುವ ಒಂದೇ ವ್ಯಾಯಾಮ ಮಾಡಿಸಿದರು. ಒಂದು ಗುಂಪಿಗೆ ದಿನಕ್ಕೆ 2 ನಿಮಿಷ, ಇನ್ನೊಂದಕ್ಕೆ 12 ನಿಮಿಷ, ವಾರಕ್ಕೆ ಐದು ದಿನ, ಹತ್ತು ವಾರ. ಎರಡೂ ಗುಂಪಿನಲ್ಲಿ ಕುತ್ತಿಗೆ, ಹೆಗಲ ನೋವು ಇಳಿಯಿತು. ನೀವು ಅಲ್ಲಿಂದಲೇ ಶುರು ಮಾಡಬಹುದು. ಹಗುರವಾದ ಬ್ಯಾಂಡ್ ತಗೊಳ್ಳಿ, ಕಾಲಡಿ ಸಿಕ್ಕಿಸಿ, ನಿಧಾನವಾಗಿ ಎತ್ತಿ, ಅದಕ್ಕಿಂತ ನಿಧಾನವಾಗಿ ಇಳಿಸಿ.

ಅದರಿಂದ ತಲೆ ಹಿಂದಕ್ಕೆ ಹೋಗಿ ನೆಟ್ಟಗೆ ನಿಲ್ಲುತ್ತದೆ ಅಂತ ಮಾತ್ರ ಎದುರು ನೋಡಬೇಡಿ. ನಿಲುವು ಬದಲಾಗುವುದು ಸ್ವಲ್ಪ. ನೋವು ಕಡಿಮೆ ಆಗುವುದಕ್ಕೆ ಅದು ಪೂರ್ತಿ ಬದಲಾಗಬೇಕಾಗಿಯೂ ಇಲ್ಲ.

ಮಂಡಿಮೊಹಲ್ಲಾ ಅಣ್ಣ

ಮೇಡಂ, ನಿನ್ನೆ ಮೂಳೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದೆ. ಬಂದಿದ್ದು ಬಲಗೈಗೆ ಮಾತ್ರ, ಮೊದಲ ಸಲ. ಕಾಲಿಗೆ ಏನೂ ಇಲ್ಲ. ಡಾಕ್ಟರ್ ಕೈ ಬಲ ನೋಡಿದರು, ಸುತ್ತಿಗೆಯಿಂದ ತಟ್ಟಿ ನೋಡಿದರು, ತಲೆಯನ್ನು ಪಕ್ಕಕ್ಕೆ ಬಾಗಿಸಿ ಮೇಲಿನಿಂದ ಮೆಲ್ಲಗೆ ಒತ್ತಿ ನೋಡಿದರು. ಎಲ್ಲಾ ಸರಿ ಇದೆ ಅಂದರು. ಎರಡು ವಾರ ಕುಸ್ತಿ ಬೇಡ, ಹಗುರವಾದ ವ್ಯಾಯಾಮ ಶುರು ಮಾಡಬಹುದು, ಮತ್ತೆ ಶಾಕ್ ಬಂದರೆ ಸ್ಕ್ಯಾನ್ ಮಾಡಿಸೋಣ ಅಂದಿದ್ದಾರೆ. ಈಗ ಹೇಳಿ.

ಧಾರವಾಡ ಫಿಸಿಯೋ

ಒಳ್ಳೇದಾಯಿತು. ಹಾಸನದವರು ಹೇಳಿದ್ದಕ್ಕೆ ಮೊದಲು ಉತ್ತರ ಕೊಡುತ್ತೇನೆ, ಯಾಕೆಂದರೆ ಅದರಲ್ಲಿ ಅರ್ಧ ನಿಜ ಇದೆ. ಟ್ರ್ಯಾಪ್ಸ್ ಬೇಕು. ಆದರೆ ಮೇಲಿನ ಟ್ರ್ಯಾಪ್ಸ್ ಹೆಚ್ಚಾಗಿ ಹಿಡಿದುಕೊಂಡಿರುವುದು ಕಾಲರ್ ಬೋನಿನ ಹೊರತುದಿಯನ್ನು. ಅದರ ದೊಡ್ಡ ಕೆಲಸ ಹೆಗಲನ್ನು ಹೊತ್ತುಕೊಳ್ಳುವುದು. ಎದುರಾಳಿ ತಲೆಯನ್ನು ಹಿಂದಕ್ಕೆ ತಳ್ಳಿದಾಗ ಗದ್ದವನ್ನು ಎದೆಯ ಕಡೆ ಹಿಡಿದುಕೊಳ್ಳುವುದು ಕುತ್ತಿಗೆಯ ಮುಂಭಾಗದ ಸ್ನಾಯುಗಳು. ಎಷ್ಟು ಶ್ರಗ್ಸ್ ಮಾಡಿದರೂ ಅವುಗಳಿಗೆ ಕೆಲಸ ಸಿಗುವುದಿಲ್ಲ.

1997ರಲ್ಲಿ ಇದನ್ನೇ ಪರೀಕ್ಷಿಸಿದ್ದರು. ಒಂದು ಗುಂಪು 12 ವಾರ ಮಾಮೂಲಿ ಭಾರದ ವ್ಯಾಯಾಮಗಳನ್ನಷ್ಟೇ ಮಾಡಿತು. ಇನ್ನೊಂದು ಅದರ ಜೊತೆಗೆ ತಲೆಯನ್ನು ಹಿಂದಕ್ಕೆ ಎತ್ತುವ ವ್ಯಾಯಾಮವನ್ನೂ ಮಾಡಿತು. ಕುತ್ತಿಗೆ ಬಲ ಏರಿದ್ದು ಎರಡನೇ ಗುಂಪಿಗೆ ಮಾತ್ರ, ಸುಮಾರು 34 ಶೇಕಡಾ. ಬರೀ ಮಾಮೂಲಿ ವ್ಯಾಯಾಮ ಮಾಡಿದವರ ಕುತ್ತಿಗೆ ಸ್ನಾಯು ಬೆಳೆಯಲಿಲ್ಲ.

ಈಗ ನಿಮ್ಮ ತಮ್ಮನಿಗೆ. ಮೊದಲ ಎರಡು ವಾರ ತಲೆ ಅಲ್ಲಾಡಬಾರದು. ನೆಟ್ಟಗೆ ಕೂತು, ಅಂಗೈಯನ್ನು ಹಣೆಗೆ ಇಟ್ಟು, ತಲೆಯಿಂದ ಕೈಯನ್ನು ಒತ್ತಬೇಕು. ಕೈ ಅಷ್ಟೇ ಬಲದಿಂದ ತಡೆಯಬೇಕು. ಪೂರ್ತಿ ಬಲ ಹತ್ತು ಅಂದುಕೊಂಡರೆ ಈಗ ಮೂರು, ನಾಲ್ಕು ಸಾಕು. ಬಲವನ್ನು ಎರಡು ಸೆಕೆಂಡ್‌ನಲ್ಲಿ ಏರಿಸಿ, ಆರು ಸೆಕೆಂಡ್ ಹಿಡಿದು, ಎರಡು ಸೆಕೆಂಡ್‌ನಲ್ಲಿ ಇಳಿಸಬೇಕು. ಹೀಗೆ ಮುಂದೆ, ಹಿಂದೆ, ಎಡ, ಬಲ, ಒಂದೊಂದು ಕಡೆ ಐದು ಸಲ. ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಟ್ಟು.

ಇದರ ಜೊತೆ ಒಂದು ಚಿಕ್ಕ ವ್ಯಾಯಾಮ. ಅಂಗಾತ ಮಲಗಿ, ತಲೆ ನೆಲದಿಂದ ಎತ್ತದೆ, 'ಹೂಂ' ಅನ್ನುವಷ್ಟು ಗದ್ದವನ್ನು ಒಳಗೆ ತಗೊಂಡು ಹತ್ತು ಸೆಕೆಂಡ್ ಹಿಡಿಯಬೇಕು. ನೋಡಲು ಏನೂ ಇಲ್ಲ ಅನಿಸುತ್ತದೆ. ಆದರೆ ಕುತ್ತಿಗೆಯ ಒಳಗಡೆ ಎಲುಬಿಗೆ ಅಂಟಿಕೊಂಡಿರುವ ಸ್ನಾಯುಗಳು ಕೆಲಸ ಕಲಿಯುವುದು ಇಲ್ಲೇ. ತಪ್ಪು ಆಗುವುದೂ ಇಲ್ಲೇ. ಕುತ್ತಿಗೆಯ ಮುಂದಿನ ಎರಡು ಹಗ್ಗದಂಥ ಸ್ನಾಯುಗಳು ಎದ್ದು ಕಾಣುತ್ತಿದ್ದರೆ, ಹಲ್ಲು ಕಚ್ಚಿದ್ದರೆ, ಉಸಿರು ಬಿಗಿಹಿಡಿದಿದ್ದರೆ ಬಲ ಜಾಸ್ತಿ ಆಗಿದೆ ಅಂತ ಅರ್ಥ. ಕಡಿಮೆ ಮಾಡಿಸಿ.

ಹಳೇ ಪೈಲ್ವಾನ

ಮಗೂ, ಡಾಕ್ಟರಮ್ಮ ಹೇಳಿದ್ದು ಸರಿ ಇದೆ. ಆದರೆ ಬ್ರಿಡ್ಜ್ ಬೇಡವೇ ಬೇಡ ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ. ಎರಡೂ ಭುಜ ನೆಲಕ್ಕೆ ತಾಗಿದರೆ ಚಿತ್, ಕುಸ್ತಿ ಮುಗಿಯಿತು. ಅಂಗಾತ ಬಿದ್ದವನಿಗೆ ಭುಜ ಎತ್ತಿಕೊಳ್ಳಲು ಇರುವುದು ಕುತ್ತಿಗೆ, ಸೊಂಟ, ಕಾಲು. ಅಭ್ಯಾಸದಲ್ಲಿ ಮಾಡದವನು ಪಂದ್ಯದಲ್ಲಿ ಗಾಬರಿಯಿಂದ ಮಾಡುತ್ತಾನೆ. ಅದು ಇನ್ನೂ ಅಪಾಯ.

ನಮ್ಮ ಉಸ್ತಾದರು ಹೊಸ ಹುಡುಗನಿಗೆ ಬ್ರಿಡ್ಜ್ ಮುಟ್ಟಲು ಬಿಡುತ್ತಿರಲಿಲ್ಲ. ಮೊದಲು ದಂಡ, ಬಸ್ಕಿ. ಆಮೇಲೆ ಜೋಡಿಯವನು ಅಂಗೈಯಿಂದ ತಲೆ ಒತ್ತುವುದು, ಇವನು ತಡೆಯುವುದು. ಆಮೇಲೆ ಹಣೆಯನ್ನು ಮೆತ್ತನೆ ಮಣ್ಣಿಗೆ ಊರಿ, ಎರಡೂ ಅಂಗೈ ನೆಲಕ್ಕೆ ಇಟ್ಟು, ಭಾರ ಮುಕ್ಕಾಲು ಪಾಲು ಕೈಗೇ ಬಿಡುವುದು. ಕೈ ತೆಗೆಯುವುದು ಎಷ್ಟೋ ತಿಂಗಳ ಮೇಲೆ. ಈಗಿನ ಹುಡುಗರು ವಿಡಿಯೋ ನೋಡಿ ಮೊದಲ ವಾರವೇ ಕೈಕಟ್ಟಿ ಬ್ರಿಡ್ಜ್ ಹಾಕುತ್ತಾರೆ. ಮಣ್ಣು ಸ್ವಲ್ಪ ಜಾರುತ್ತದೆ, ತಲೆಗೆ ದಾರಿ ಕೊಡುತ್ತದೆ. ಮ್ಯಾಟ್ ಹಾಗಲ್ಲ, ತಲೆಯನ್ನು ಹಿಡಿದುಕೊಳ್ಳುತ್ತದೆ. ಮೈ ಹೊರಳಿದರೂ ತಲೆ ಅಲ್ಲೇ ನಿಲ್ಲುತ್ತದೆ. ಮ್ಯಾಟಿಗೆ ಹೋಗುವ ಹುಡುಗನಿಗೆ ಇದನ್ನು ಹೇಳಿಕೊಡಿ.

ಧಾರವಾಡ ಫಿಸಿಯೋ

ಪೈಲ್ವಾನರೇ, ಕುಸ್ತಿಯವನಿಗೆ ಬ್ರಿಡ್ಜ್ ಬೇಡ ಅಂತ ನಾನೂ ಹೇಳಲ್ಲ. ಸುಮ್ನೆ ದೇಹ ಗಟ್ಟಿಯಾಗಲಿ ಅಂತ ಜಿಮ್‌ಗೆ ಹೋಗುವವರಿಗೆ ಬೇಡ ಅಂತೀನಿ. ನನ್ನ ತಕರಾರು ಇರುವುದು ಆ ಎರಡು ನಿಮಿಷದ ಬಗ್ಗೆ. ಕುತ್ತಿಗೆ ಪೂರ್ತಿ ಹಿಂದಕ್ಕೆ ಬಾಗಿ ಅದರ ಮೇಲೆ ಮೈಭಾರ ಬಿದ್ದಾಗ ಹಿಂಭಾಗದ ಕೀಲುಗಳು ಅದುಮಿಕೊಳ್ಳುತ್ತವೆ, ನರದ ದಾರಿ ಕಿರಿದಾಗುತ್ತದೆ. ಸ್ನಾಯು ದಣಿದ ಮೇಲೆ ಭಾರವನ್ನೆಲ್ಲ ಹೊರುವುದು ಆ ಕೀಲುಗಳೇ. ಹತ್ತು ಹದಿನೈದು ಸೆಕೆಂಡ್‌ನ ಬ್ರಿಡ್ಜ್, ನಡುವೆ ಬಿಡುವು, ಅಷ್ಟು ಸಾಕು ಅನ್ನುವುದು ನನ್ನ ಅಭಿಪ್ರಾಯ.

ಹಳೇ ಪೈಲ್ವಾನ

ಪಂದ್ಯದಲ್ಲಿ ಎದುರಾಳಿ ಹದಿನೈದು ಸೆಕೆಂಡ್‌ಗೆ ಬಿಡುತ್ತಾನಾ ತಾಯಿ? ದಮ್ಮು ಬರಬೇಕು ಅಂದರೆ ಹೊತ್ತು ಬೇಕು. ಎರಡು ನಿಮಿಷ ಹೊಸಬನಿಗೆ ಜಾಸ್ತಿ, ಅದನ್ನು ಒಪ್ಪುತ್ತೇನೆ. ಐದಾರು ವರ್ಷ ಆಡಿದವನಿಗೆ ಅಲ್ಲ.

ಲೆಸ್ಟರ್ ಕನ್ನಡಿಗ

ಇಲ್ಲಿ ಇಂಗ್ಲೆಂಡ್‌ನಲ್ಲಿ ನನ್ನ ಮಗ ಶಾಲೆಯಲ್ಲಿ ರಗ್ಬಿ ಆಡುತ್ತಾನೆ. ಅವರಿಗೆ 'ಆಕ್ಟಿವೇಟ್' ಅಂತ ಒಂದು ವಾರ್ಮ್‌ಅಪ್ ಇದೆ. ಅದರಲ್ಲಿ ಪೈಲ್ವಾನರು ಹೇಳಿದ ಹಾಗೇ ಜೋಡಿಯವನ ಕೈಗೆ ತಲೆ ಒತ್ತಿ ಹಿಡಿಯುವ ವ್ಯಾಯಾಮ ಬರುತ್ತದೆ. 2017ರಲ್ಲಿ ಬಂದ ಅಧ್ಯಯನದ ಪ್ರಕಾರ ವಾರಕ್ಕೆ ಮೂರು ಸಲವಾದರೂ ಮಾಡಿದ ಶಾಲಾ ತಂಡಗಳಲ್ಲಿ ಪಂದ್ಯದ ವೇಳೆ ತಲೆಪೆಟ್ಟು 59 ಶೇಕಡಾ ಕಡಿಮೆ ಇತ್ತು. ಕುತ್ತಿಗೆ ಗಟ್ಟಿ ಇದ್ದರೆ ತಲೆಗೆ ಪೆಟ್ಟು ಬೀಳಲ್ಲ ಅಂತ ಇದರಿಂದ ಖಾತ್ರಿ ಆಯಿತಲ್ವಾ?

ಧಾರವಾಡ ಫಿಸಿಯೋ

ಅಷ್ಟು ಖಾತ್ರಿಯಾಗಿ ಹೇಳಕ್ಕಾಗಲ್ಲ ಸರ್. ಆಕ್ಟಿವೇಟ್‌ನಲ್ಲಿ ಕುತ್ತಿಗೆ ಒಂದು ಭಾಗ ಮಾತ್ರ. ಸಮತೋಲನ, ನೆಗೆದು ಇಳಿಯುವುದು, ದಿಕ್ಕು ಬದಲಿಸುವುದು ಎಲ್ಲಾ ಸೇರಿದೆ. ಯಾವುದರಿಂದ ಎಷ್ಟು ಲಾಭ ಅಂತ ಬಿಡಿಸಿ ಹೇಳುವುದು ಕಷ್ಟ. ಅಮೆರಿಕದ ಹೈಸ್ಕೂಲ್ ಆಟಗಾರರ ಮೇಲೆ 2014ರಲ್ಲಿ ಬಂದ ಅಧ್ಯಯನದಲ್ಲಿ ಕುತ್ತಿಗೆ ಬಲ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಹೆಚ್ಚಿದ್ದವರಿಗೆ ಮಿದುಳು ಅಲುಗುವ ಪೆಟ್ಟಿನ ಸಾಧ್ಯತೆ 5 ಶೇಕಡಾ ಕಡಿಮೆ ಕಂಡಿತ್ತು. ಆದರೆ ಅದು ಇದ್ದ ಬಲವನ್ನು ಅಳೆದಿದ್ದು. ವ್ಯಾಯಾಮ ಮಾಡಿಸಿ ನೋಡಿದ್ದಲ್ಲ. ಜೊತೆಗೆ, ಪೆಟ್ಟು ಬರುತ್ತಿದೆ ಅಂತ ಗೊತ್ತಾಗಿ ಕುತ್ತಿಗೆ ಬಿಗಿ ಮಾಡಿಕೊಂಡರೆ ತಾನೇ ಬಲ ಕೆಲಸಕ್ಕೆ ಬರುವುದು?

ಮಂಡಿಮೊಹಲ್ಲಾ ಅಣ್ಣ

ಮೇಡಂ, ಎರಡು ವಾರ ಆಯಿತು. ನೋವಿಲ್ಲ, ಶಾಕ್ ಮತ್ತೆ ಬಂದಿಲ್ಲ. ಹುಡುಗನಿಗೆ ಬೇಜಾರು, ಏನೂ ಮಾಡಿದ ಹಾಗೇ ಇಲ್ಲ ಅಂತಾನೆ. ಬಲ ಬರುತ್ತಿದೆಯಾ ಅಂತ ಮನೆಯಲ್ಲೇ ತಿಳಿಯುವ ದಾರಿ ಇದೆಯಾ?

ಧಾರವಾಡ ಫಿಸಿಯೋ

ಇದೆ. ಸೂಟ್‌ಕೇಸ್ ತೂಗುವ ಡಿಜಿಟಲ್ ತಕ್ಕಡಿ ತಗೊಳ್ಳಿ. ಅದರ ಒಂದು ತುದಿಯನ್ನು ಕಿಟಕಿಯ ಸರಳಿಗೆ ತಲೆಯ ಎತ್ತರದಲ್ಲಿ ಕಟ್ಟಿ. ಇನ್ನೊಂದು ತುದಿಗೆ ಅಗಲವಾದ ಮೆತ್ತನೆ ಪಟ್ಟಿ. ಸ್ಟೂಲಿನ ಮೇಲೆ ಕಿಟಕಿಗೆ ಬೆನ್ನು ಮಾಡಿ ಕೂರಿಸಿ ಪಟ್ಟಿಯನ್ನು ಹಣೆಗೆ ಹಾಕಿದರೆ ಮುಂದಿನ ಬಲ ತಿಳಿಯುತ್ತದೆ. ಕಿಟಕಿಗೆ ಮುಖ ಮಾಡಿ, ಪಟ್ಟಿ ತಲೆಯ ಹಿಂದೆ ಹಾಕಿದರೆ ಹಿಂದಿನ ಬಲ. ಎದೆ ಅಲ್ಲಾಡದ ಹಾಗೆ ನೀವು ಹಿಡಿದುಕೊಳ್ಳಿ. ಮೂರು ಸೆಕೆಂಡ್‌ನಲ್ಲಿ ನಿಧಾನವಾಗಿ ಬಲ ಏರಿಸಬೇಕು, ಜಗ್ಗಬಾರದು. ನೋವು ಬಂದರೆ ಅಲ್ಲೇ ಬಿಡಬೇಕು. ಎರಡು ಸಲ ಸಾಕು, ಜಾಸ್ತಿ ಬಂದಿದ್ದನ್ನು ಬರೆದುಕೊಳ್ಳಿ.

ಮಂಡಿಮೊಹಲ್ಲಾ ಅಣ್ಣ

ನೋಡಿದೆವು. ಮುಂದೆ 7 ಕಿಲೋ, ಹಿಂದೆ 16, ಎಡಕ್ಕೆ 11, ಬಲಕ್ಕೆ 9. ಇದು ಚೆನ್ನಾಗಿದೆಯಾ?

ಧಾರವಾಡ ಫಿಸಿಯೋ

ಬೇರೆಯವರ ಅಂಕಿಯ ಜೊತೆ ಹೋಲಿಸಬೇಡಿ. ಕೂರುವ ರೀತಿ, ಪಟ್ಟಿ ಇರುವ ಜಾಗ ಬದಲಾದರೆ ಅಂಕಿಯೂ ಬದಲಾಗುತ್ತದೆ. ಅವನದೇ ಅಂಕಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಮುಂದಿನ ಬಲ ಹಿಂದಿನದರ 60 ಶೇಕಡಾ ಆಸುಪಾಸು ಇರುವುದು ಸಾಮಾನ್ಯ. ಇವನದು 45ಕ್ಕಿಂತ ಕಡಿಮೆ. ಬ್ರಿಡ್ಜ್ ಮಾಡಿ ಮಾಡಿ ಹಿಂಭಾಗ ಬೆಳೆದಿದೆ, ಮುಂಭಾಗ ಉಳಿದುಹೋಗಿದೆ ಅಂತ ನನಗೆ ಅನಿಸುತ್ತದೆ. ಬಲಗಡೆ ಕಡಿಮೆ ಇರುವುದು ಮೊನ್ನೆಯ ಪೆಟ್ಟಿನಿಂದಲೂ ಇರಬಹುದು.

ಹಾಗಾಗಿ ಮೂರು, ನಾಲ್ಕನೇ ವಾರ ಹಿಡಿಯುವ ಹೊತ್ತನ್ನು ಹತ್ತು ಸೆಕೆಂಡ್‌ಗೆ ಏರಿಸಿ. ಬಲ ಹತ್ತರಲ್ಲಿ ಆರು. ಮುಂದೆ ಮತ್ತು ಬಲಕ್ಕೆ ಒಂದೊಂದು ಸುತ್ತು ಜಾಸ್ತಿ. ಐದನೇ ವಾರದಿಂದ ತಲೆ ಅಲ್ಲಾಡಿಸುವ ವ್ಯಾಯಾಮ. ಬೆಂಚಿನ ಮೇಲೆ ಅಂಗಾತ ಮಲಗಿ, ತಲೆ ಅಂಚಿನಿಂದ ಹೊರಗಿರಲಿ. ಮೊದಲು ಗದ್ದ ಒಳಗೆ, ಆಮೇಲೆ ತಲೆ ಮೇಲೆ. ಮೊದಲ ವಾರ ತಲೆಯ ಭಾರವೇ ಸಾಕು. 15 ಸಲದ ಎರಡು ಸುತ್ತು ಸಲೀಸಾಗಿ ಎರಡು ದಿನ ಮಾಡಿದರೆ ಮಾತ್ರ ಹಣೆಗೆ ಟವೆಲ್ ಮಡಿಸಿಟ್ಟು ಅದರ ಮೇಲೆ 1.25 ಕಿಲೋ ಪ್ಲೇಟ್. ಆಮೇಲೂ ಅದೇ ನಿಯಮ: ಎರಡು ದಿನ ಸಲೀಸಾದರೆ ಅರ್ಧ ಕಿಲೋ ಏರಿಸಿ, ಒಂದು ವಾರದಲ್ಲಿ ಒಂದೇ ಸಲ. ತಲೆ ಎತ್ತುವಾಗ ಗದ್ದ ಮುಂದಕ್ಕೆ ಚಾಚಿಕೊಂಡರೆ ಆ ಭಾರ ಅವನಿಗೆ ಜಾಸ್ತಿ. ಬೋರಲು ಮಲಗಿ ಹಿಂಭಾಗಕ್ಕೂ ಹೀಗೇ. ಅವನು ತರಿಸಿದ ಪಟ್ಟಿ ಎಂಟನೇ ವಾರದವರೆಗೆ ಬೀರುವಿನಲ್ಲೇ ಇರಲಿ. ತಲೆಯನ್ನು ಗಿರಗಿರ ಸುತ್ತಿಸುವುದು ಯಾವತ್ತೂ ಬೇಡ.

ಮಾರನೇ ದಿನ ಸ್ವಲ್ಪ ಮೈಕೈ ನೋವಿನ ಥರ ಇದ್ದರೆ ಪರವಾಗಿಲ್ಲ. ಒಂದು ದಿನ ದಾಟಿದರೂ ಇಳಿಯದಿದ್ದರೆ, ತಲೆಬುಡದಿಂದ ತಲೆನೋವು ಶುರುವಾದರೆ ಹಿಂದಿನ ಹಂತಕ್ಕೆ ಇಳಿಸಿ. ತಲೆಸುತ್ತು, ಕೈ ಜೋಮು, ಮುಷ್ಟಿ ಸಡಿಲ, ನಡಿಗೆ ಅಸ್ಥಿರ, ಇವುಗಳಲ್ಲಿ ಯಾವುದು ಬಂದರೂ ವ್ಯಾಯಾಮ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ.

ಐರನ್ ಹಾಸನ

ಮುಂಭಾಗದ ವಿಷಯ ನನಗೆ ಗೊತ್ತಿರಲಿಲ್ಲ, ಥ್ಯಾಂಕ್ಸ್ ಮೇಡಂ. ಹಾಗಾದರೆ ಶ್ರಗ್ಸ್ ಬಿಡಿಸಬೇಕಾ?

ಧಾರವಾಡ ಫಿಸಿಯೋ

ಬಿಡಿಸಬೇಡಿ. ಹೆಗಲು ಕೆಳಗೆ ತಳ್ಳಿಸಿಕೊಂಡಾಗ ತಡೆಯುವುದು ಅದೇ ತಾನೇ. ಭಾರ ಮಾತ್ರ ಕಡಿಮೆ ಮಾಡಿ. ಈ ಹುಡುಗನಿಗೆ ಕೈಗೆ 8 ಕಿಲೋ ಡಂಬೆಲ್ ಸಾಕು. ತೋಳುಗಳನ್ನು ಮೈಗೆ ಅಂಟಿಸದೆ ಸ್ವಲ್ಪ ಹೊರಗೆ ಚಾಚಿ ಹಿಡಿದರೆ ಮೇಲಿನ ಟ್ರ್ಯಾಪ್ಸ್‌ಗೆ ಕೆಲಸ ಚೆನ್ನಾಗಿ ಸಿಗುತ್ತದೆ. ಮೇಲೆ ಎರಡು ಸೆಕೆಂಡ್ ನಿಲ್ಲಿಸಿ, ನಿಧಾನ ಇಳಿಸಿ, 12 ಸಲದ ಮೂರು ಸುತ್ತು. ಹೆಗಲನ್ನು ಗುಂಡಗೆ ತಿರುಗಿಸುವುದು ಬೇಡ. ಭಾರ ಜಾಸ್ತಿ ಆದಾಗ ಎಲ್ಲರೂ ತಲೆಯನ್ನು ಮುಂದಕ್ಕೆ ಚುಚ್ಚುತ್ತಾರೆ, ನೀವು ಪಕ್ಕದಿಂದ ನಿಂತು ನೋಡಿದರೆ ಗೊತ್ತಾಗುತ್ತದೆ.

ಎಂಟನೇ ಕ್ರಾಸ್

ಬ್ಯಾಂಡ್ ತಂದು ಶುರು ಮಾಡಿದ್ದೇನೆ. ಎಡಗಡೆ ಹೆಗಲ ಕೀಲಲ್ಲಿ ಕೈ ಎತ್ತುವಾಗ ಚುಚ್ಚಿದ ಹಾಗೆ ಆಗುತ್ತೆ. ಮುಂದುವರಿಸಲಾ?

ಧಾರವಾಡ ಫಿಸಿಯೋ

ಕೈಯನ್ನು ಪೂರ್ತಿ ಪಕ್ಕಕ್ಕೆ ಬೇಡ, ಸ್ವಲ್ಪ ಮುಂದಕ್ಕೆ ತಂದು ಎತ್ತಿ ನೋಡಿ. ಹೆಬ್ಬೆರಳು ಮೇಲೆ ಇರಲಿ. ಚುಚ್ಚುವ ಮಟ್ಟಕ್ಕಿಂತ ಕೆಳಗೇ ನಿಲ್ಲಿಸಿ. ವಾರದಲ್ಲಿ ಕಡಿಮೆ ಆಗದಿದ್ದರೆ ಹೆಗಲನ್ನು ಯಾರಿಗಾದರೂ ತೋರಿಸಬೇಕು, ಅದು ಕುತ್ತಿಗೆಯ ವಿಷಯ ಅಲ್ಲದೇ ಇರಬಹುದು.

ಮಂಡಿಮೊಹಲ್ಲಾ ಅಣ್ಣ

ಆರನೇ ವಾರ ಮುಗಿಯಿತು. ಈಗ ಮುಂದೆ 9.5, ಹಿಂದೆ 17, ಎಡಕ್ಕೆ 11.5, ಬಲಕ್ಕೆ 11. ಡಾಕ್ಟರ್ ಒಪ್ಪಿ ಮೂರನೇ ವಾರದಿಂದ ಹಗುರವಾಗಿ ಮಟ್ಟಿಗೆ ಇಳಿದಿದ್ದಾನೆ. ತಲೆ ಹಿಡಿದು ಎಳೆದಾಗ ಮೊದಲಿನಷ್ಟು ಬೇಗ ಬಗ್ಗುವುದಿಲ್ಲ ಅಂತ ಜೋಡಿಯವನೇ ಹೇಳಿದ. ನಾಲ್ಕನೇ ವಾರ ಒಂದು ದಿನ ತಲೆಬುಡದಲ್ಲಿ ನೋವು ಬಂದಿತ್ತು. ಕೇಳಿದರೆ, ನನಗೆ ಹೇಳದೆ ಪ್ಲೇಟ್ ಇಟ್ಟುಕೊಂಡು ಮಾಡಿದ್ದನಂತೆ. ಬಿಡಿಸಿದ ಮೇಲೆ ಎರಡೇ ದಿನದಲ್ಲಿ ಹೋಯಿತು.

ಈಗ ಬ್ರಿಡ್ಜ್ ಯಾವಾಗ ಅಂತ ಅವನ ಪ್ರಶ್ನೆ. ಗರಡಿಯಲ್ಲಿ ಈ ವಾರವೇ ಶುರು ಮಾಡು ಅಂತಿದ್ದಾರೆ.

ಹಳೇ ಪೈಲ್ವಾನ

ಕೈ ಊರಿ, ಮಣ್ಣಿನ ಮೇಲೆ, ಹಣೆಯಿಂದ. ಹಿಂದಕ್ಕೆ ಬಾಗುವ ಬ್ರಿಡ್ಜ್ ಈಗ ಬೇಡ. ಸುಸ್ತಾದ ಮೇಲೆ ಮಾಡಿಸಬೇಡಿ, ಸಾಮು ಶುರುವಿನಲ್ಲೇ ಮಾಡಿಸಿ.

ಧಾರವಾಡ ಫಿಸಿಯೋ

ನಾನು ಇನ್ನೆರಡು ವಾರ ಕಾಯಿಸುತ್ತಿದ್ದೆ. ಮುಂದಿನ ಬಲ 10 ದಾಟಲಿ ಅಂತ. ಆದರೆ ಮುಕ್ಕಾಲು ಭಾರ ಕೈ ಮೇಲೆ, ಹತ್ತು ಸೆಕೆಂಡ್, ಮೂರು ಸಲ, ವಾರಕ್ಕೆ ಎರಡೇ ದಿನ ಅಂದರೆ ನನ್ನ ಆಕ್ಷೇಪ ಇಲ್ಲ. ಬಲಗೈಗೆ ಸಣ್ಣ ಜುಮ್ಮೆನ್ನುವುದು ಬಂದರೂ ಅವತ್ತೇ ನಿಲ್ಲಿಸಬೇಕು. ಅದನ್ನು ಅವನು ಮುಚ್ಚಿಡಬಾರದು ಅಂತ ಉಸ್ತಾದರ ಬಾಯಲ್ಲೇ ಹೇಳಿಸಿ. ಗರಡಿಯಲ್ಲಿ ಮ್ಯಾಟ್ ಇದೆಯಾ, ಅಥವಾ ಕಾಲೇಜಿನಲ್ಲಿ ಮಾತ್ರವಾ?

ಮಂಡಿಮೊಹಲ್ಲಾ ಅಣ್ಣ

ಕಾಲೇಜಿನಲ್ಲಿ ಮಾತ್ರ ಮೇಡಂ. ಅಲ್ಲಿ ನೋಡಿಕೊಳ್ಳುವವರು ಬೇರೆ ಕೋಚ್. ಈ ಶನಿವಾರ ಅವರನ್ನೂ ಕಂಡು ಮಾತಾಡುತ್ತೇನೆ.